ಕಾರ್ಟೂನ್ ಚಿತ್ರ ಬ್ಯಾನರ್‌ನಲ್ಲಿ ಮಸುಕಾಗದಿರಲು ಏನು ಮಾಡಬೇಕು?

ಪ್ರಶ್ನೆ: ನಮ್ಮ ಮೇಷ್ಟ್ರ ನಿವೃತ್ತಿ ಸಮಾರಂಭಕ್ಕೆ 8×4 ಅಡಿಯ ಬ್ಯಾನರ್ ಮಾಡಿಸಬೇಕು. ಅವರ ಫೋಟೊವನ್ನು ಕಾರ್ಟೂನ್ ಮಾಡಿಸಿಟ್ಟಿದ್ದೇವೆ. ಮೊಬೈಲ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಫ್ಲೆಕ್ಸ್ ಅಂಗಡಿಯವರು ದೊಡ್ಡದು ಮಾಡಿದರೆ ಒಡೆಯುತ್ತದೆ ಅನ್ನುತ್ತಾರೆ. ವೆಕ್ಟರ್ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗುತ್ತದೆ, ಆದರೆ ಚಿತ್ರ ಎಂಥದು ಅನ್ನುವುದರ ಮೇಲೆ. ಕಪ್ಪು ಗೆರೆ, ಒಳಗೆ ಒಂದೇ ಸಮನಾಗಿ ತುಂಬಿದ ಬಣ್ಣ ಇರುವ ಕಾರ್ಟೂನ್ ಆದರೆ ವೆಕ್ಟರ್‌ಗೆ ಹೇಳಿ ಮಾಡಿಸಿದ ಹಾಗೆ. ಕೆನ್ನೆಯ ಮೇಲೆ ಬಣ್ಣ ನಯವಾಗಿ ಕರಗುತ್ತಾ ಹೋಗುವ ಚಿತ್ರವಾದರೆ ಆ ಕರಗುವಿಕೆ ಪಟ್ಟೆಪಟ್ಟೆಯಾಗಿ ಒಡೆದು ಮುಖ ನಕಾಶೆಯಂತಾಗುತ್ತದೆ. ಅಂಥದ್ದನ್ನು ವೆಕ್ಟರ್ ಮಾಡಲು ಹೋಗಬೇಡಿ, ಮಾಡಿಕೊಟ್ಟವರಿಂದಲೇ ದೊಡ್ಡ ಅಳತೆಯ ಮೂಲ ಫೈಲ್ ಕೇಳಿ.

ಅಂಗಡಿಯವರ ಮಾತಿನ ಲೆಕ್ಕ ಹೀಗಿದೆ. ಚಿತ್ರ 1024×1024 ಪಿಕ್ಸೆಲ್ ಇದೆ ಅಂದುಕೊಳ್ಳಿ. ಅದನ್ನು ಬ್ಯಾನರ್‌ನ ಪೂರ್ತಿ ಎತ್ತರಕ್ಕೆ, ಅಂದರೆ 48 ಇಂಚಿಗೆ ಹಿಗ್ಗಿಸಿದರೆ ಒಂದು ಇಂಚಿಗೆ ಸಿಗುವುದು ಬರೀ 21 ಪಿಕ್ಸೆಲ್. ಒಂದೊಂದು ಪಿಕ್ಸೆಲ್ಲೂ ಒಂದು ಮಿಲಿಮೀಟರಿಗಿಂತ ದಪ್ಪ. ಸಭಿಕರ ಸಾಲಿನಿಂದ ನೋಡುವವರಿಗೆ ಅಷ್ಟಾಗಿ ಗೊತ್ತಾಗದಿರಬಹುದು, ಬ್ಯಾನರ್ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ವೆಕ್ಟರ್‌ನಲ್ಲಿ ಪಿಕ್ಸೆಲ್ ಇರುವುದಿಲ್ಲ. ಗೆರೆ ಎಲ್ಲಿಂದ ಎಲ್ಲಿಗೆ ಹೇಗೆ ಬಾಗುತ್ತದೆ ಅನ್ನುವ ಲೆಕ್ಕವಷ್ಟೇ ಇರುತ್ತದೆ, ಹಾಗಾಗಿ ಎಷ್ಟು ಹಿಗ್ಗಿಸಿದರೂ ಅಂಚು ಚೂಪಾಗಿಯೇ ಉಳಿಯುತ್ತದೆ.

ಕೆಲಸ ಕೆಡುವುದು ಸಾಮಾನ್ಯವಾಗಿ ಟ್ರೇಸ್ ಮಾಡುವುದಕ್ಕೂ, ಅಂದರೆ ಚಿತ್ರವನ್ನು ವೆಕ್ಟರ್ ಗೆರೆಗಳಾಗಿ ಬದಲಿಸುವುದಕ್ಕೂ ಮೊದಲೇ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬಂದ ಚಿತ್ರದಲ್ಲಿ ಗೆರೆಗಳ ಸುತ್ತ ಕೊಳೆಯಂಥ ಚುಕ್ಕೆಗಳಿರುತ್ತವೆ. ಟ್ರೇಸ್ ಮಾಡುವ ಸಾಫ್ಟ್‌ವೇರ್‌ಗೆ ಅದು ಕೊಳೆ ಅಂತ ಗೊತ್ತಿಲ್ಲ, ಪ್ರತಿ ಚುಕ್ಕೆಗೂ ನಿಷ್ಠೆಯಿಂದ ಒಂದು ಆಕಾರ ಬರೆದುಕೊಡುತ್ತದೆ. ಆದ್ದರಿಂದ ಮೊದಲು ಚಿತ್ರವನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಆಮೇಲೆ ಚಿತ್ರ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಸುಮಾರು 3000 ಪಿಕ್ಸೆಲ್‌ಗೆ ಹಿಗ್ಗಿಸಿ, Median Blur ಅನ್ನು 3ರ ಆಸುಪಾಸಿನಲ್ಲಿ ಹಾಕಿ. ಅದು ಸಣ್ಣ ಚುಕ್ಕೆಗಳನ್ನು ನುಂಗುತ್ತದೆ, ದಪ್ಪ ಗೆರೆಗಳ ಅಂಚನ್ನು ಉಳಿಸುತ್ತದೆ. Gaussian Blur ಹಾಕಿದರೆ ಅಂಚೂ ಕದಡುತ್ತದೆ.

ಈಗ ವೆಕ್ಟರ್ ಚಿತ್ರ ಮಾಡುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಚಿತ್ರವನ್ನು ಆಯ್ದುಕೊಂಡು Path > Trace Bitmap ತೆರೆಯಿರಿ. Multicolor ಭಾಗದಲ್ಲಿ Colors ಆರಿಸಿ. Scans ಅಂದರೆ ಎಷ್ಟು ಬಣ್ಣಗಳಾಗಿ ಬಿಡಿಸಬೇಕು ಅನ್ನುವುದು. ಮೇಷ್ಟ್ರ ಚಿತ್ರದಲ್ಲಿ ಗೆರೆಯ ಕಪ್ಪು, ನರೆಗೂದಲಿನ ಬೂದು, ಚರ್ಮದ ಎರಡು ಛಾಯೆ, ಅಂಗಿ, ಶಾಲು ಹೀಗೆ ಎಂಟು ಬಣ್ಣ ಸಿಕ್ಕರೆ, 12 ಕೊಡಿ. ಗೆರೆಯ ಅಂಚಿನಲ್ಲಿರುವ ಅರೆಬಣ್ಣಗಳೂ ಒಂದೆರಡು ಜಾಗ ಕಬಳಿಸುತ್ತವೆ. Stack ಗುರುತು ಹಾಕಿಯೇ ಇರಲಿ. ಆಗ ಕೆಳಗಿನ ಬಣ್ಣ ಮೇಲಿನದರ ಅಡಿಗೂ ಚಾಚಿಕೊಂಡಿರುತ್ತದೆ. ಅದಿಲ್ಲದಿದ್ದರೆ ಬಣ್ಣಗಳ ನಡುವೆ ಕೂದಲೆಳೆಯಷ್ಟು ಬಿಳಿ ಸಂದು ಉಳಿಯುತ್ತದೆ, 4 ಅಡಿಗೆ ಹೋದಾಗ ಆ ಸಂದೂ ಅಷ್ಟೇ ಪಾಲು ಹಿಗ್ಗುತ್ತದೆ.

ಫಲಿತಾಂಶದಲ್ಲಿ ಮೊದಲು ಕಣ್ಣು ಮತ್ತು ಹಣೆ ನೋಡಿ. ಅಗಲವಾಗಿ ಹರಡಿದ ಬಣ್ಣಕ್ಕೆ ಟ್ರೇಸ್‌ನಲ್ಲಿ ಜಾಗ ಸಿಗುತ್ತದೆ, ಸಣ್ಣದಾಗಿರುವುದು ಪಕ್ಕದ ಬಣ್ಣದಲ್ಲಿ ಸೇರಿಹೋಗುತ್ತದೆ. ಹಾಗಾಗಿ ಹಣೆಯ ಕುಂಕುಮ ಕಂದಾಗಿರಬಹುದು. ಕಣ್ಣಿನ ಹೊಳಪಿನ ಬಿಳಿ ಚುಕ್ಕೆಯನ್ನು ಟ್ರೇಸ್‌ನ Speckles ಆಯ್ಕೆ ಕಸವೆಂದು ಅಳಿಸಿರಬಹುದು, ಅದೊಂದು ಹೋದರೆ ಮುಖವೇ ನಿರ್ಜೀವ. ಇದಕ್ಕಾಗಿ ಮತ್ತೆ ಮತ್ತೆ ಟ್ರೇಸ್ ಮಾಡುತ್ತಾ ಕೂರಬೇಡಿ. ಒಂದು ಕೆಂಪು, ಎರಡು ಬಿಳಿ ಅಂಡಾಕಾರ ಬರೆದು ಮೇಲಿಟ್ಟರೆ ಮುಗಿಯಿತು. ಕನ್ನಡಕದ ಚೌಕಟ್ಟು ಅಂಕುಡೊಂಕಾಗಿದ್ದರೆ ಅದನ್ನೂ ಕೈಯಲ್ಲೇ ಬರೆಯುವುದು ಲೇಸು.

ಟ್ರೇಸ್ ಆದ ಚಿತ್ರ ಹಳೆಯ ಚಿತ್ರದ ಮೇಲೆಯೇ ಕೂತಿರುತ್ತದೆ. ಅದನ್ನು ಪಕ್ಕಕ್ಕೆ ಸರಿಸಿ ಹಳೆಯದನ್ನು ಅಳಿಸಿ, ಇಲ್ಲದಿದ್ದರೆ ಅದೂ ಫೈಲ್‌ನೊಳಗೇ ಉಳಿಯುತ್ತದೆ. View > Display Mode > Outline ಹಾಕಿದರೆ ಎಲ್ಲಾ ತಿಳಿಯುತ್ತದೆ: ವೆಕ್ಟರ್ ಆದದ್ದು ಬರೀ ಗೆರೆಗಳಾಗಿ ಕಾಣುತ್ತದೆ, ಆಗದ ಚಿತ್ರ ಅಡ್ಡಗೀಟು ಹಾಕಿದ ಪೆಟ್ಟಿಗೆಯಾಗಿ.

‘ಗುರುವಂದನೆ’ಯಂಥ ಬರಹವನ್ನು Path > Object to Path ಮಾಡಿಯೇ ಕಳಿಸಿ. ನಿಮ್ಮ ಫಾಂಟ್ ಅಂಗಡಿಯಲ್ಲಿ ಇಲ್ಲದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಬದಲಿಸಿದ ಮೇಲೆ ಬರಹ ತಿದ್ದಲಾಗದು, ಹೆಸರಿನ ಕಾಗುಣಿತವನ್ನು ಮೊದಲೇ ಇನ್ನೊಬ್ಬರಿಗೆ ತೋರಿಸಿಬಿಡಿ.

ಕೊಡುವಾಗ ಪಿಡಿಎಫ್ ಕೊಡಿ. ಜೆಪಿಜಿಯೇ ಬೇಕೆಂದು ಅಂಗಡಿಯವರು ಹಟ ಹಿಡಿದರೆ ಗಾಬರಿ ಬೇಡ, ಪುಟದ ಅಳತೆಯನ್ನು 96×48 ಇಂಚಿಗೆ ಇಟ್ಟು 72 ಡಿಪಿಐಗೆ, ಅಂದರೆ ಇಂಚಿಗೆ 72 ಪಿಕ್ಸೆಲ್‌ನಂತೆ ಎಕ್ಸ್‌ಪೋರ್ಟ್ ಮಾಡಿ. 6912×3456 ಪಿಕ್ಸೆಲ್‌ನ ಫೈಲ್ ಬರುತ್ತದೆ, ಇಷ್ಟು ದೊಡ್ಡ ಬ್ಯಾನರ್‌ಗೆ ಅದು ಸಾಕು. ಹತ್ತಿರದಿಂದಲೂ ನುಣುಪಾಗಿ ಕಾಣಬೇಕಿದ್ದರೆ 100 ಕೊಡಿ. ಆ ಫೈಲನ್ನು ಮಾತ್ರ ಮತ್ತೆ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಪೆನ್ ಡ್ರೈವ್‌ನಲ್ಲಿ ಒಯ್ಯಿರಿ ಅಥವಾ ಮೇಲ್ ಮಾಡಿ.