ಟ್ರಿಗರ್ ಹಾಕಿದರೂ ಬೆರಳು ನಿಮ್ಮದೇ ಅಲ್ವಾ?

“ಸರ್, ಯಾವ ಟ್ರಿಗರ್ ತಗೊಳ್ಳಲಿ?” ಬಿಜಿಎಂಐ ಅನ್ನೋ ಮೊಬೈಲ್ ಶೂಟಿಂಗ್ ಗೇಮ್ ಕಲಿಯೋಕೆ ನನ್ನ ಹತ್ತಿರ ಬರುವ ಹುಡುಗರ ಮೊದಲ ಪ್ರಶ್ನೆ ಇದು. ಟ್ರಿಗರ್ ಅಂದರೆ ಫೈರ್ ಬಟನ್ ಒತ್ತೋಕೆ ಫೋನಿನ ಅಂಚಿಗೆ ಸಿಕ್ಕಿಸುವ ಸಣ್ಣ ಕ್ಲಿಪ್. ಯಾಕಪ್ಪಾ ಅಂದರೆ, “ಫೈರ್ ಸ್ಪೀಡ್ ಆಗುತ್ತಲ್ಲ” ಅಂತಾರೆ. ಆಗಲ್ಲ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದೊಂದೇ. ಹಾಗಾಗಿ ಇವತ್ತು ನಿಧಾನವಾಗಿ ಹೇಳ್ತೀನಿ.

ಎರಡು ಹೆಬ್ಬೆರಳಲ್ಲಿ ಆಡುವವರ ತೊಂದರೆ ಸ್ಪೀಡ್ ಅಲ್ಲವೇ ಅಲ್ಲ. ಎಡ ಹೆಬ್ಬೆರಳು ಓಡಿಸುತ್ತದೆ. ಗುರಿ, ಫೈರ್, ಸ್ಕೋಪ್, ಜಂಪ್, ಕೂರುವುದು, ಎಲ್ಲಾ ಬಲ ಹೆಬ್ಬೆರಳಿನ ತಲೆಮೇಲೆ. ಫೈರ್ ಬಟನ್ ಒತ್ತಿಕೊಂಡೇ ಎಳೆದರೆ ಗುರಿಯೂ ಸರಿಯುತ್ತದೆ, ನಿಜ. ಆದರೆ ಮಧ್ಯದಲ್ಲಿ ಕೂರಬೇಕು ಅಂದರೆ ಬೆರಳು ಎತ್ತಬೇಕು. ಎತ್ತಿದ ತಕ್ಷಣ ಗುಂಡು ನಿಂತಿತು. ಎಡಗಡೆಯ ಫೈರ್ ಬಟನ್ ಒತ್ತೋಣ ಅಂದರೆ ಓಟ ನಿಂತಿತು. ನಿಂತವನನ್ನು ಹೊಡೆಯೋದು ಯಾರಿಗೂ ಕಷ್ಟ ಅಲ್ಲ.

ಕ್ಲಾ ಹಿಡಿತ ಹುಟ್ಟಿದ್ದು ಇದಕ್ಕೇ. ತೋರುಬೆರಳನ್ನು ಬಾಗಿಸಿ ಸ್ಕ್ರೀನಿನ ಮೇಲಿನ ಮೂಲೆಗೆ ತಂದು ಅದಕ್ಕೆ ಫೈರ್ ಕೊಡ್ತೀವಿ. ಹೆಬ್ಬೆರಳಿಗೆ ಒಂದು ಕೆಲಸ ಕಡಿಮೆ ಆಯಿತು, ಅಷ್ಟೇ. ಟ್ರಿಗರ್ ಮಾಡೋದೂ ಅದೇ ಕೆಲಸ. ಬ್ಯಾಟರಿ ಇಲ್ಲದ ಸಾದಾ ಕ್ಲಿಪ್ ಟ್ರಿಗರ್‌ನಲ್ಲಿ ವಿದ್ಯುತ್ ಹಾಯುವ ಒಂದು ತುಂಡು ಇರುತ್ತದೆ. ನಿಮ್ಮ ಬೆರಳಿನ ಸ್ಪರ್ಶವನ್ನು ಅದು ಸ್ಕ್ರೀನಿನ ಒಂದು ಜಾಗಕ್ಕೆ ತಲುಪಿಸುತ್ತದೆ. ಪ್ಲಾಸ್ಟಿಕ್ ಪೆನ್ನಿನ ತುದಿಯಿಂದ ಒತ್ತಿ ನೋಡಿ, ಸಾಮಾನ್ಯವಾಗಿ ಫೈರ್ ಆಗಲ್ಲ. ಲಿವರ್ ಕೆಳಗೆ ಹೋಗಿ ಮುಟ್ಟಬೇಕಾದ್ದರಿಂದ ಬರಿಬೆರಳಿಗಿಂತ ಸ್ವಲ್ಪ ತಡವೇ ಆಗಬಹುದು. ಲಾಭ ಬೇರೆ ಕಡೆ ಇದೆ. ಬೆರಳಿಗೆ ಒರಗಲು ಗಟ್ಟಿ ಜಾಗ ಸಿಗುತ್ತದೆ, ಬಟನ್ ಬಿಟ್ಟು ಜಾರಲ್ಲ.

ಕಳೆದ ವರ್ಷ ದಾವಣಗೆರೆಯ ಒಬ್ಬ ಹುಡುಗ ಬಂದಿದ್ದ. ಅವರಮ್ಮನಿಗೆ ಗೊತ್ತಿಲ್ಲದ ಹಾಗೆ ಎರಡು ಟ್ರಿಗರ್ ತರಿಸಿದ್ದ. ತಾನಾಗೇ ಗುಂಡು ಹಾರುತ್ತೆ, ಫೋನ್ ಹಾಳು ಅಂತ ಅವನ ದೂರು. ಅವನ ಆಂಡ್ರಾಯ್ಡ್ ಫೋನಿನ Developer options ಒಳಗೆ Show taps ಆನ್ ಮಾಡಿಸಿದೆ. Developer options ಕಾಣದಿದ್ದರೆ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನ Build number ಮೇಲೆ ಏಳು ಸಲ ತಟ್ಟಬೇಕು. Show taps ಆನ್ ಆದರೆ ಸ್ಪರ್ಶ ಬಿದ್ದ ಕಡೆಯೆಲ್ಲ ಒಂದು ಚುಕ್ಕೆ ಕಾಣುತ್ತದೆ. ಅವನು ಟ್ರಿಗರ್ ಮೇಲೆ ಬೆರಳನ್ನು ಸುಮ್ನೆ ಇಟ್ಟಿದ್ದ, ಒತ್ತಿರಲಿಲ್ಲ. ಚುಕ್ಕೆ ಆಗಲೇ ಬಂದಿತ್ತು! ದಪ್ಪ ಗ್ಲಾಸ್ ಗಾರ್ಡ್, ಬ್ಯಾಕ್ ಕವರ್ ಎರಡರ ಮೇಲೆ ಕ್ಲಿಪ್ ಓರೆಯಾಗಿ ಕೂತು, ಪ್ಯಾಡ್ ಮೊದಲೇ ಸ್ಕ್ರೀನಿಗೆ ತಾಗುತ್ತಿತ್ತು. ಬ್ಯಾಕ್ ಕವರ್ ತೆಗೆದು ಕ್ಲಿಪ್ ನೇರ ಮಾಡಿದೆವು. ಒತ್ತಿದಾಗ ಚುಕ್ಕೆ ಬಿದ್ದ ಜಾಗಕ್ಕೇ ಫೈರ್ ಬಟನ್ ಎಳೆದು, ಸ್ವಲ್ಪ ದೊಡ್ಡದು ಮಾಡಿ ಸೇವ್ ಮಾಡಿಸಿದೆ. ತಾನಾಗೇ ಗುಂಡು ಹಾರೋದು ನಿಂತಿತು.

ಅವನ ಆಟ ಮಾತ್ರ ಹಾಗೇ ಇತ್ತು. ಟ್ರೇನಿಂಗ್ ಗ್ರೌಂಡ್‌ನಲ್ಲಿ ಎಂ416 ಬಂದೂಕು ಕೊಟ್ಟು, ಎಡ-ಬಲ ಓಡುತ್ತಾ ಗೋಡೆಯ ಒಂದೇ ಜಾಗಕ್ಕೆ ಮೂವತ್ತೂ ಗುಂಡು ಹೊಡಿ ಅಂದೆ. ಸ್ಕ್ರೀನ್ ರೆಕಾರ್ಡ್ ಮಾಡಿದೆ. ಟ್ರಿಗರ್ ಒತ್ತಿದ ತಕ್ಷಣ, ಎಡ ಹೆಬ್ಬೆರಳಿಂದ ಓಡಿಸುವ ಜಾಯ್‌ಸ್ಟಿಕ್ ಮೇಲಿನ ಚುಕ್ಕೆ ಮಾಯ. ಬಲ ಹೆಬ್ಬೆರಳು ಹಳೇ ಫೈರ್ ಬಟನ್ ಇದ್ದ ಜಾಗಕ್ಕೇ ಹೋಗಿ ಸುಮ್ನೆ ಕೂತಿದೆ. ಬಿಡುವು ಸಿಕ್ಕ ಬೆರಳಿಗೆ ಏನು ಮಾಡಬೇಕು ಅಂತ ಅವನು ಕಲಿಸಿಯೇ ಇರಲಿಲ್ಲ. ದಯವಿಟ್ಟು ನೀವೂ ಒಮ್ಮೆ ಹೀಗೆ ರೆಕಾರ್ಡ್ ಮಾಡಿ ನೋಡಿ. ಫೈರ್ ಆಗುವಾಗ ಮೂರೂ ಚುಕ್ಕೆ ಇರಬೇಕು. ಜಾಯ್‌ಸ್ಟಿಕ್ಕಿನದೂ ಗುರಿಯದೂ ಚಲಿಸುತ್ತಿರಬೇಕು. ಇಲ್ಲದಿದ್ದರೆ ಟ್ರಿಗರ್ ಬದಲಾಯಿಸಿ ಉಪಯೋಗ ಇಲ್ಲ.

“ನನ್ನ ಫೋನಲ್ಲಿ ಕ್ಲಾ ವರ್ಕ್ ಆಗಲ್ಲ” ಅನ್ನುವವರು ಒಂದು ಸೆಟ್ಟಿಂಗ್ ನೋಡಿ. ಮೂರು ಬೆರಳು ಎಳೆದರೆ ಸ್ಕ್ರೀನ್‌ಶಾಟ್ ಬರುವ ಸೌಲಭ್ಯ ಬಹಳ ಆಂಡ್ರಾಯ್ಡ್ ಫೋನುಗಳಲ್ಲಿದೆ. ಮೂರನೇ ಬೆರಳು ಬಿದ್ದಾಗ ಅದು ಆಟದ ಸ್ಪರ್ಶವನ್ನೇ ಕಿತ್ತುಕೊಳ್ಳಬಹುದು. ಅದನ್ನು ಆಫ್ ಮಾಡಿ. ಟ್ರಿಗರ್ ಹಾಕಿದರೂ ಫೋನಿನ ಲೆಕ್ಕಕ್ಕೆ ಅದು ಮೂರನೇ ಬೆರಳೇ.

ನನ್ನ ಒಲವು ಕ್ಲಾ ಕಡೆ. ಟೂರ್ನಮೆಂಟ್ ಆಡುವ ಆಸೆ ಇದ್ದರೆ ಟ್ರಿಗರ್ ಅಭ್ಯಾಸ ಬೇಡ. ಹೊರಗಿನ ಸಾಧನ ಬಿಡದ ಟೂರ್ನಮೆಂಟುಗಳೇ ಜಾಸ್ತಿ, ಆಯಾ ನಿಯಮ ಓದಿಕೊಳ್ಳಿ. ಬ್ಯಾಟರಿ ಹಾಕಿ ತಾನೇ ಟಕಟಕ ಒತ್ತುವ ಟ್ರಿಗರ್ ವಿಷಯ ನನ್ನ ಹತ್ತಿರ ಎತ್ತಲೇಬೇಡಿ. ಆದರೆ ಬಾಗಿಸಿದ ತೋರುಬೆರಳು ನೋಯುತ್ತಿದ್ದರೆ, ಜುಮ್ ಅನ್ನುತ್ತಿದ್ದರೆ ಹಠ ಬೇಡ. ಆಟ ನಿಲ್ಲಿಸಿ, ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ದಾವಣಗೆರೆಯವನಿಗೆ ಮೂರು ವಾರ ಮ್ಯಾಚ್ ಬಿಡಿಸಿ, ದಿನಕ್ಕೆ ಇಪ್ಪತ್ತು ನಿಮಿಷ ಗೋಡೆಗೇ ಹೊಡೆಸಿದೆ. ಮೊದಲ ವಾರ ಎರಡು ಹೆಬ್ಬೆರಳಲ್ಲಿ ಆಡುವುದಕ್ಕಿಂತ ಕೆಟ್ಟದಾಗಿ ಆಡಿದ, ಬೈದುಕೊಂಡ. ಟ್ರಿಗರ್ ಈಗ ಅವನ ತಮ್ಮನ ಹತ್ತಿರ ಇದೆಯಂತೆ. ಆ ತಮ್ಮನೂ ಮೊನ್ನೆ ಫೋನ್ ಮಾಡಿದ್ದ: “ಸರ್, ಇದಕ್ಕಿಂತ ಸ್ಪೀಡ್ ಇರೋದು ಯಾವುದಿದೆ?”