ಪ್ರಯೋಗಾಲಯದ ಎಸಿಗೆ ಕಷ್ಟದ ತಿಂಗಳು ಯಾವುದು?

ರಾಯಚೂರಿನ ಹೊರವಲಯದಲ್ಲಿ ಮಣ್ಣು, ನೀರು ಪರೀಕ್ಷಿಸುವ ಹೊಸ ಪ್ರಯೋಗಾಲಯ ಕಟ್ಟುತ್ತಿದ್ದಾರೆ ಎಂದುಕೊಳ್ಳೋಣ. ಡಕ್ಟು, ಫ್ಯಾನು, ತಣಿಸುವ ಯಂತ್ರಗಳಾದ ಚಿಲ್ಲರ್‌ಗಳ ನಕ್ಷೆ ಬರೆಯುವುದಕ್ಕೆ ಮೊದಲೇ ಮೆಕ್ಯಾನಿಕಲ್ ಎಂಜಿನಿಯರ್ ಕೆಲವು ಪುಟಗಳ ದಾಖಲೆಯೊಂದನ್ನು ಸಿದ್ಧಪಡಿಸಬೇಕು. ಅದಕ್ಕೆ ಡಿಸೈನ್ ಬೇಸಿಸ್ ಮೆಮೊ ಎನ್ನುತ್ತಾರೆ. ಅದರಲ್ಲಿ ಕಟ್ಟಡ ಪಾಲಿಸಲೇಬೇಕಾದ ಮಾನದಂಡಗಳಿರುತ್ತವೆ, ಸದ್ಯಕ್ಕೆ ನಿಜವೆಂದು ಹಿಡಿದ ಊಹೆಗಳೂ ಇರುತ್ತವೆ. ಇವೆರಡನ್ನೂ ಒಂದರಲ್ಲೊಂದು ಕಲಸಿ ಬರೆಯಬಾರದು. ಮಾನದಂಡ ಬದಲಾಗುವುದಿಲ್ಲ, ಊಹೆ ಬದಲಾಗಬಹುದು. ಬದಲಾದ ದಿನ ಯಾವ ಲೆಕ್ಕವನ್ನು ಮತ್ತೆ ಮಾಡಬೇಕೆಂದು ಆ ದಾಖಲೆ ನೋಡಿದವರಿಗೆ ತಿಳಿಯಬೇಕು.

ನಮ್ಮ ಪ್ರಯೋಗಾಲಯದ ಮುಖ್ಯ ಕೋಣೆ 12 ಮೀಟರ್ ಉದ್ದ, 8 ಮೀಟರ್ ಅಗಲ, 3 ಮೀಟರ್ ಎತ್ತರ. ಒಳಗೆ 24 ಡಿಗ್ರಿ ಇರಬೇಕು. ಗೋಡೆಗುಂಟ ಆರು ಫ್ಯೂಮ್ ಹುಡ್‌ಗಳಿವೆ. ಮಣ್ಣಿನ ಮಾದರಿಯನ್ನು ಗಂಧಕಾಮ್ಲದಲ್ಲೋ ನೈಟ್ರಿಕ್ ಆಮ್ಲದಲ್ಲೋ ಕುದಿಸುವಾಗ ಏಳುವ ಹೊಗೆ ಕೆಲಸ ಮಾಡುವವರ ಮೂಗಿಗೆ ಬಡಿಯದಂತೆ ಎಳೆದು ಮಾಳಿಗೆಯ ಮೇಲಿಂದ ಹೊರಹಾಕುವ ಪೆಟ್ಟಿಗೆ ಅದು. ಮುಂದೆ ಮೇಲೆ ಕೆಳಗೆ ಸರಿಯುವ ಗಾಜಿನ ಬಾಗಿಲಿರುತ್ತದೆ. ಆ ಬಾಗಿಲ ಸಂದಿನಲ್ಲಿ ಗಾಳಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಒಳಕ್ಕೆ ಹರಿಯಬೇಕು ಎಂಬುದು ಮೆಮೊದ ಮಾನದಂಡ. ವೇಗ ಬಹಳ ಕಡಿಮೆಯಾದರೆ ಎದುರಿಗೆ ಯಾರಾದರೂ ಹಾದುಹೋದರೂ ಹೊಗೆ ಹೊರಗೆ ಇಣುಕುತ್ತದೆ. ವಿಪರೀತ ಹೆಚ್ಚಾದರೂ ಕೆಡುಕೇ, ನಿಂತವರ ಎದೆಯ ಮುಂದೆ ಸುಳಿಯೆದ್ದು ಹೊಗೆಯನ್ನು ಹೊರಗೆ ಎಳೆಯುತ್ತದೆ.

ಈಗ ಲೆಕ್ಕ. ಬಾಗಿಲ ಅಗಲ 1.6 ಮೀಟರ್, ಕೆಲಸ ಮಾಡುವಾಗ ಅದನ್ನು 45 ಸೆಂಟಿಮೀಟರ್ ಮಾತ್ರ ಎತ್ತುತ್ತಾರೆ ಎಂಬುದು ಊಹೆ. ಹಾಗಿದ್ದರೆ ಒಂದು ಹುಡ್ ಸೆಕೆಂಡಿಗೆ 0.36 ಘನ ಮೀಟರ್ ಗಾಳಿ ನುಂಗುತ್ತದೆ, ಆರೂ ಸೇರಿದರೆ 2.16. ಗಂಟೆಯ ಲೆಕ್ಕ ಹಿಡಿದರೆ ಕೋಣೆಯ ಪೂರ್ತಿ ಗಾಳಿ 27 ಸಲ ಖಾಲಿಯಾದಂತೆ. ಹುಡ್‌ಗಳಿಲ್ಲದ ಇಂಥ ಕೋಣೆಗೆ ಗಂಟೆಗೆ ಆರೆಂಟು ಸಲ ಗಾಳಿ ಬದಲಾದರೆ ಸಾಕಾಗುತ್ತಿತ್ತು. ಹಾಗಾಗಿ ಇಲ್ಲಿ ಎಸಿಯ ಗಾತ್ರ ನಿರ್ಧರಿಸುವುದು ಕೋಣೆಯ ಅಳತೆಯಲ್ಲ, ಗೋಡೆಯ ಮೇಲಿನ ಬಿಸಿಲೂ ಅಲ್ಲ. ಎಷ್ಟು ಹುಡ್‌ಗಳ ಬಾಯಿ ಎಷ್ಟು ತೆರೆದಿದೆ ಎಂಬುದು.

ಹೀಗೆ ಹೊರಹೋದ ಗಾಳಿಯಲ್ಲಿ ಆಮ್ಲವಿರುವುದರಿಂದ ಅದನ್ನು ಮತ್ತೆ ಕೋಣೆಗೆ ತಿರುಗಿಸುವಂತಿಲ್ಲ. ಹೊರಟಷ್ಟೂ ಗಾಳಿಯನ್ನು ಬಯಲಿನಿಂದಲೇ ತಂದು, ಸುಮಾರು 14 ಡಿಗ್ರಿಗೆ ತಣಿಸಿ ಒಳಗೆ ಬಿಡಬೇಕು. ಮನೆಯ ಎಸಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಣಿಸುತ್ತದೆ. ಇದು ಊರಿನ ಗಾಳಿಯನ್ನು ತಣಿಸಬೇಕು.

ಹಾಗಾದರೆ ಊರಿನ ಗಾಳಿ ಹೇಗಿದೆ ಎಂದು ಮೆಮೊದಲ್ಲಿ ಬರೆಯಬೇಕಲ್ಲ. ರಾಯಚೂರೆಂದರೆ ಬಿಸಿಲು, ಎಲ್ಲರೂ ಮೇ ತಿಂಗಳ 42 ಡಿಗ್ರಿ ಎಂದೇ ಬರೆಯುತ್ತಾರೆ. ಆದರೆ ತಣಿಸುವ ಯಂತ್ರಕ್ಕೆ ಗಾಳಿಯ ಬಿಸಿಯ ಜೊತೆಗೆ ಅದರೊಳಗಿನ ತೇವವೂ ಹೊರೆ. ಆವಿ ನೀರಾಗುವಾಗ ಬಿಡುವ ಬಹಳಷ್ಟು ಶಾಖವನ್ನೂ ಯಂತ್ರವೇ ಹೊರತೆಗೆಯಬೇಕು. ತೇವ ತಿಳಿಯಲು ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಲ್ಲಿ ಹಿಡಿದು ನೋಡುವ ಅಳತೆಯೊಂದಿದೆ, ವೆಟ್ ಬಲ್ಬ್ ಎಂದು ಹೆಸರು. ಗಾಳಿ ಒಣಗಿದ್ದಷ್ಟೂ ಈ ಅಂಕಿ ಮಾಮೂಲಿ ಥರ್ಮಾಮೀಟರಿನ ಅಂಕಿಗಿಂತ ಕೆಳಗಿರುತ್ತದೆ. ಬೇಸಿಗೆಯ ಮಧ್ಯಾಹ್ನಕ್ಕೆ 42 ಡಿಗ್ರಿ, ವೆಟ್ ಬಲ್ಬ್ 24 ಎಂದು ಹಿಡಿಯೋಣ. ಮಳೆಗಾಲದಲ್ಲಿ, ಗದ್ದೆಗಳಲ್ಲಿ ನೀರು ನಿಂತು ಮೋಡ ಕವಿದ ಒಂದು ದಿನಕ್ಕೆ 31 ಡಿಗ್ರಿ, ವೆಟ್ ಬಲ್ಬ್ 26 ಎಂದು ಹಿಡಿಯೋಣ. ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದ ಊರಾದ್ದರಿಂದ ಗಾಳಿ ತುಸು ತೆಳು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆರು ಹುಡ್‌ಗಳ ಗಾಳಿಯನ್ನು ತಣಿಸಲು ಆ ಬೇಸಿಗೆಯ ಮಧ್ಯಾಹ್ನ ಬೇಕಾಗುವುದು ಸುಮಾರು 84 ಕಿಲೋವಾಟ್, ಅಂದರೆ 24 ಟನ್. ಮೋಡದ ದಿನಕ್ಕೆ 106 ಕಿಲೋವಾಟ್, 30 ಟನ್. ಹೊರಗೆ 11 ಡಿಗ್ರಿ ತಂಪಿದ್ದರೂ ಯಂತ್ರಕ್ಕೆ ಕಾಲುಪಾಲು ಹೆಚ್ಚು ಕೆಲಸ. ಕಾರಣ ಕಣ್ಣಿಗೇ ಕಾಣುತ್ತದೆ. ಬೇಸಿಗೆಯಲ್ಲಿ ಗಾಳಿ ತಣಿಸುವ ಕೊಳವೆಗಳ ಸುರುಳಿ, ಅಂದರೆ ಕಾಯಿಲ್ ಕೆಳಗಿನ ತಟ್ಟೆಯಿಂದ ಗಂಟೆಗೆ 20 ಲೀಟರ್ ಆಸುಪಾಸು ನೀರು ಇಳಿದರೆ, ಆ ದಿನ 90 ಲೀಟರ್ ಇಳಿಯುತ್ತದೆ. ಬರೀ 42 ಡಿಗ್ರಿ ಎಂದು ಬರೆದ ಮೆಮೊ ನಂಬಿ ಯಂತ್ರ ಕೊಂಡರೆ ಮೇ ತಿಂಗಳಲ್ಲಿ ಎಲ್ಲವೂ ಸರಿಯಾಗೇ ಇರುತ್ತದೆ. ಆಗಸ್ಟ್‌ನಲ್ಲಿ ತಕ್ಕಡಿಯ ಅಂಕಿ ನಿಲ್ಲದೆ ಓಡುತ್ತದೆ, ಒಣಗಿಸಿಟ್ಟ ಪುಡಿ ಬಾಟಲಿಯಲ್ಲೇ ಗಂಟು ಕಟ್ಟುತ್ತದೆ. ಆದ್ದರಿಂದ ಹವಾಮಾನದ ಸಾಲು ಮೆಮೊದಲ್ಲಿ ಒಂದಲ್ಲ, ಎರಡಿರಬೇಕು.

ಹೊರಹೋಗುವ ತಂಪು ಗಾಳಿಯಿಂದ ಒಳಬರುವ ಗಾಳಿಯನ್ನು ಸ್ವಲ್ಪ ತಣಿಸಿಕೊಳ್ಳಬಹುದು. ಎರಡೂ ಡಕ್ಟುಗಳಲ್ಲಿ ಕಾಯಿಲ್ ಇಟ್ಟು ನಡುವೆ ನೀರು ಸುತ್ತಿಸಿದರೆ ಆಮ್ಲದ ಗಾಳಿ ಬೆರೆಯದು. ಬೇಸಿಗೆಯಲ್ಲಿ ಹೀಗೆ 20 ಕಿಲೋವಾಟ್‌ನಷ್ಟು ಉಳಿದೀತು. ಆದರೆ 31 ಡಿಗ್ರಿಯ ದಿನ ಒಳಗೂ ಹೊರಗೂ ಅಂತರ ಏಳೇ ಡಿಗ್ರಿ, ಉಳಿತಾಯ ಎಂಟು ಕಿಲೋವಾಟ್ ದಾಟದು. ಕರೆಂಟ್ ಬಿಲ್ಲಿಗೆ ಇದು ಒಳ್ಳೆಯದೇ. ಆ 20ನ್ನು ನಂಬಿ ಚಿಲ್ಲರ್ ಚಿಕ್ಕದು ಮಾಡಬಾರದು.

ಇನ್ನು ಅತಿ ಸೂಕ್ಷ್ಮವಾದ ಊಹೆ. ಆರೂ ಹುಡ್‌ಗಳು ಒಟ್ಟಿಗೆ ತೆರೆದಿರುತ್ತವೆಯೇ? ನಾಲ್ಕು ತೆರೆದು, ಮುಚ್ಚಿದ ಎರಡು ಸೆಕೆಂಡಿಗೆ ತಲಾ 0.1 ಘನ ಮೀಟರ್‌ನಷ್ಟೇ ಎಳೆಯುತ್ತವೆ ಎಂದರೆ ಹೊರೆ 30 ಟನ್‌ನಿಂದ 23ಕ್ಕೆ ಇಳಿಯುತ್ತದೆ. ಏಳು ಟನ್ ಎಂದರೆ ದುಡ್ಡಿನ ಮಾತು, ಆಸೆಯಾಗುವುದು ಸಹಜ. ಆದರೆ ಇದನ್ನು ಎಂಜಿನಿಯರ್ ಕೂತಲ್ಲೇ ನಿರ್ಧರಿಸಬಾರದು, ಅಲ್ಲಿ ಕೆಲಸ ಮಾಡುವವರನ್ನು ಕೇಳಬೇಕು. ಈ ಭಾಗದ ಲ್ಯಾಬ್ ಸಹಾಯಕರು ಹೇಳುವ ಉತ್ತರ ಇಂಥದ್ದು: “ಬಿತ್ತಿಗಿ ಮುಂದ ಮಣ್ಣಿನ ಚೀಲ ಬಂದ್ ಬೀಳ್ತಾವ್ರಿ ಸರ, ಆವಾಗ ಆರೂ ಒಮ್ಮಿಗೇ ಬೇಕಾಗ್ತಾವ.” ಅಂದರೆ ಕೆಲಸದ ಒತ್ತಡ ಬರುವುದು ಬೇಸಿಗೆಯ ಕೊನೆಗೆ, ಮುಂಗಾರಿನ ಹೊಸ್ತಿಲಲ್ಲಿ. ಆಗ ಆರು ಹುಡ್‌ಗಳಿಗೆ 24 ಟನ್. ಮಳೆಗಾಲದ ನಡುವೆ ನಾಲ್ಕು ಹುಡ್‌ಗಳಿಗೆ 23 ಟನ್. ಎರಡು ಹೊರೆಗಳೂ ಹತ್ತಿರಹತ್ತಿರವಾದವು. ಆದರೂ ಮಳೆ ಮೊದಲೇ ಇಳಿದು, ಚೀಲಗಳ ರಾಶಿ ಇನ್ನೂ ಕರಗದಿದ್ದರೆ 30 ಟನ್ನೇ ಬೇಕಾಗುವ ದಿನಗಳು ಬರುತ್ತವೆ. 24 ಟನ್ ಸಾಕು ಎನ್ನುವವರು ಅಂಥ ದಿನ ಎರಡು ಹುಡ್ ಮುಚ್ಚಿಸುವ ಜವಾಬ್ದಾರಿ ಯಾರದೆಂದೂ ಅದೇ ಸಾಲಿನಲ್ಲಿ ಬರೆಯಬೇಕು. ನನ್ನನ್ನು ಕೇಳಿದರೆ, ಈ ಪ್ರಯೋಗಾಲಯಕ್ಕೆ 15 ಟನ್ನಿನ ಎರಡು ಯಂತ್ರಗಳನ್ನು ಹಾಕುತ್ತೇನೆ. ಒಂದು ಕೆಟ್ಟರೂ ಕೆಲಸ ಪೂರ್ತಿ ನಿಲ್ಲುವುದಿಲ್ಲ.

ಒಳಗೆ ಬಿಡುವ ಗಾಳಿ ಹೊರಹಾಕುವುದಕ್ಕಿಂತ ಸುಮಾರು ಹತ್ತನೇ ಒಂದರಷ್ಟು ಕಡಿಮೆಯಿರಬೇಕು ಎಂಬುದು ಇನ್ನೊಂದು ಮಾನದಂಡ. ಕೊರತೆಯ ಗಾಳಿ, ಅದೂ ಬಯಲಿನಿಂದ ತಂದು ತಣಿಸಿದ್ದೇ, ಕಾರಿಡಾರಿನಿಂದ ಕೋಣೆಗೆ ಬರುತ್ತದೆ, ವಾಸನೆ ಕಾರಿಡಾರಿಗೆ ಹೋಗದು. ಈ ಸಮತೋಲವನ್ನು ಇಲ್ಲಿ ಕೆಡಿಸುವುದು ಧೂಳು. ಕೊಯ್ಲಿನ ಹೊತ್ತಿನ ಹೊಟ್ಟು, ಅಕ್ಕಿ ಗಿರಣಿಗಳ ಕಪ್ಪು ಬೂದಿ ಎಲ್ಲವೂ ಗಾಳಿ ಒಳಬರುವ ಫಿಲ್ಟರಿಗೆ ಅಂಟುತ್ತವೆ. ಒಳಬರುವ ಗಾಳಿ ಕುಗ್ಗುತ್ತದೆ, ಹುಡ್‌ಗಳು ಮಾತ್ರ ಎಳೆಯುತ್ತಲೇ ಇರುತ್ತವೆ. ಇದನ್ನು ಮೊದಲು ಹೇಳುವುದು ಕೋಣೆಯ ಬಾಗಿಲು. ಒಳಗೂ ಹೊರಗೂ 12 ಪಾಸ್ಕಲ್ ವ್ಯತ್ಯಾಸವಿದ್ದಾಗ ಸಾಮಾನ್ಯ ಬಾಗಿಲಿನ ಹಿಡಿಯಲ್ಲಿ ಒಂದು ಕಿಲೋ ತೂಕದಷ್ಟು ಬಲ ಹೆಚ್ಚು ಬೇಕು. 50 ಪಾಸ್ಕಲ್ ಆದರೆ ಐದು ಕಿಲೋ ಹತ್ತಿರ. ಕೈಯಲ್ಲಿ ಆಮ್ಲದ ಬಾಟಲಿ ಹಿಡಿದವರಿಗೆ ಅದು ಅಪಾಯವೇ. ಕಿಟಕಿಯ ಸಂದುಗಳು ಸಿಳ್ಳೆ ಹಾಕತೊಡಗುತ್ತವೆ, ಚೌಕಟ್ಟಿನ ಅಂಚಿನಲ್ಲಿ ಧೂಳಿನ ಗೆರೆ ಮೂಡುತ್ತದೆ.

ಅದಕ್ಕೇ ಮೆಮೊದಲ್ಲಿ ಫ್ಯಾನಿನ ಶಕ್ತಿಯನ್ನು ಹೊಸ ಫಿಲ್ಟರಿಗೆ ಲೆಕ್ಕ ಹಾಕದೆ, ಬದಲಾಯಿಸುವ ಹಂತಕ್ಕೆ ಬಂದ ಕೊಳೆ ಫಿಲ್ಟರಿಗೆ ಲೆಕ್ಕ ಹಾಕಬೇಕು. ಫಿಲ್ಟರಿನ ಎರಡು ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಮೀಟರು ಕಣ್ಣೆತ್ತರದಲ್ಲಿರಬೇಕು, ಯಾವ ಅಂಕಿ ಮುಟ್ಟಿದಾಗ ಫಿಲ್ಟರ್ ತೆಗೆಯಬೇಕೆಂಬುದನ್ನು ಅದರ ಮೇಲೆಯೇ ಕನ್ನಡದಲ್ಲಿ ಬರೆದಿರಬೇಕು.