ಮನೆಯ ಎಡಿಟಿಂಗ್ ಪಿಸಿಯನ್ನು ದೂರದಿಂದ ನಡೆಸುವಾಗ ಬಣ್ಣವನ್ನು ಎಷ್ಟು ನಂಬಬಹುದು?

ಎಡಿಟಿಂಗ್ ಪಿಸಿ ಮನೆಯಲ್ಲಿದೆ, ನಾವು ಬೇರೆ ಊರಲ್ಲಿದ್ದೇವೆ. ಪಿಸಿಯ ಪರದೆಯನ್ನು ವಿಡಿಯೋ ಮಾಡಿ ಕಳಿಸಲು ಅಲ್ಲಿ ಸನ್‌ಶೈನ್, ಅದನ್ನು ನೋಡಿ ನಡೆಸಲು ಲ್ಯಾಪ್‌ಟಾಪಿನಲ್ಲಿ ಮೂನ್‌ಲೈಟ್, ಎರಡನ್ನೂ ಇಂಟರ್ನೆಟ್ ಮೇಲೆ ಜೋಡಿಸುವ ಖಾಸಗಿ ದಾರಿಗೆ ಟೇಲ್‌ಸ್ಕೇಲ್. ದುಡ್ಡು ಕೊಡದೆ ಸಿಗುವ ಈ ಜೋಡಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಕಾರ್ಡು ಆರ್‌ಟಿಎಕ್ಸ್ 3060, ಪರದೆ 1080ಪಿ, ಕೆಲಸ ಡಾವಿಂಚಿ ರಿಸಾಲ್ವ್‌ನಲ್ಲಿ. ಮನೆಯ ಅಪ್‌ಲೋಡ್ 50 ಎಂಬಿಪಿಎಸ್. ಇಲ್ಲಿ ಲೆಕ್ಕಕ್ಕೆ ಬರುವುದು ಮನೆಯ ಡೌನ್‌ಲೋಡ್ ಅಲ್ಲ, ಅಪ್‌ಲೋಡ್.

1080ಪಿ ಪರದೆಯನ್ನು ಸೆಕೆಂಡಿಗೆ 60 ಫ್ರೇಮಿನಂತೆ ಒತ್ತದೆ ಕಳಿಸಿದರೆ ಸುಮಾರು 3 ಜಿಬಿಪಿಎಸ್ ಬೇಕು. ನಮ್ಮ ಹತ್ತಿರ ಇರುವುದು 50 ಎಂಬಿಪಿಎಸ್. ಅದರಲ್ಲೂ ಸ್ಟ್ರೀಮ್‌ನ ಬಿಟ್‌ರೇಟನ್ನು 35ರ ಆಸುಪಾಸಿಗೆ ನಿಲ್ಲಿಸುವುದು ಒಳ್ಳೆಯದು, 48ಕ್ಕೆ ಇಟ್ಟರೆ ಮನೆಯಲ್ಲಿ ಯಾರೋ ಫೋಟೋ ಬ್ಯಾಕಪ್ ಹಾಕಿದ ಕೂಡಲೇ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅಂದರೆ 80 ಪಾಲಿಗಿಂತ ಜಾಸ್ತಿ ಕುಗ್ಗಿಸಲೇಬೇಕು. ಕುಗ್ಗಿಸುವಾಗ ಮೊದಲು ಹೋಗುವುದು ಬಣ್ಣ.

ಸಾಮಾನ್ಯವಾಗಿ ಸ್ಟ್ರೀಮ್ 4:2:0 ರೀತಿಯಲ್ಲಿ ಬರುತ್ತದೆ. ಬೆಳಕಿನ ವಿವರ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ವಿವರ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದೇ. ಹಾಗಾಗಿ 1920×1080 ಪರದೆಯಲ್ಲಿ ಬಣ್ಣದ ವಿವರ ಬರೀ 960×540. ಸಿನಿಮಾ ನೋಡುವಾಗ ಇದು ಗೊತ್ತೇ ಆಗುವುದಿಲ್ಲ. ಎಡಿಟಿಂಗ್ ಪರದೆಯಲ್ಲಿ ಗೊತ್ತಾಗುತ್ತದೆ: ಸಣ್ಣ ಬಣ್ಣದ ಅಕ್ಷರ ಕದಡುತ್ತದೆ, ಗ್ರೀನ್ ಸ್ಕ್ರೀನ್ ತೆಗೆದ ಕೂದಲಿನ ಅಂಚು ಹರಿದಂತೆ ಕಾಣುತ್ತದೆ. ಫೈಲಿನಲ್ಲಿ ಅಂಚು ಚೆನ್ನಾಗಿಯೇ ಇರುತ್ತದೆ, ಅದನ್ನು ಸರಿಮಾಡಲು ಹೋದರೆ ಸುಮ್ನೆ ಕೆಡಿಸಿದಂತೆ.

ಇದಕ್ಕೆ ಮದ್ದು ಮೂನ್‌ಲೈಟ್ ಸೆಟಿಂಗ್‌ನ `YUV 4:4:4` ಆಯ್ಕೆ, ಅದರಲ್ಲಿ ಬಣ್ಣದ ವಿವರವೂ ಪ್ರತಿ ಪಿಕ್ಸೆಲ್‌ಗೂ ಬರುತ್ತದೆ. ವಿಡಿಯೋ ಒತ್ತುವ ವಿಧಾನ, ಅಂದರೆ ಕೋಡೆಕ್, ಎಚ್‌ಇವಿಸಿ ಇರಲಿ. ಎವಿ1 ಹೊಸದು, ಆದರೆ 3060ರಲ್ಲಿ ಎವಿ1 ಎನ್‌ಕೋಡರ್ ಇಲ್ಲ. ಇರುವ 40 ಸರಣಿಯ ಕಾರ್ಡುಗಳಲ್ಲೂ ಅದು 4:2:0 ಮಾತ್ರ ಕೊಡುತ್ತದೆ. ಇನ್ನೊಂದು ತೊಡಕು ಲ್ಯಾಪ್‌ಟಾಪಿನದು. ಅದರ ಚಿಪ್‌ಗೆ 4:4:4 ಎಚ್‌ಇವಿಸಿ ಬಿಡಿಸಲು ಬಾರದಿದ್ದರೆ ಕೆಲಸ ಸಿಪಿಯು ಮೇಲೆ ಬೀಳುತ್ತದೆ, ಫ್ಯಾನ್ ಕೂಗುತ್ತದೆ, ಮೌಸ್ ಎಳೆದಂತಾಗುತ್ತದೆ. `Ctrl+Alt+Shift+S` ಒತ್ತಿದರೆ ಡಿಕೋಡ್ ಸಮಯ ಕಾಣುತ್ತದೆ. 60 ಫ್ರೇಮಿಗೆ ಒಂದೊಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್, ಅದರ ಹತ್ತಿರ ಹೋದರೆ 4:4:4 ಬಿಡಬೇಕು ಅಥವಾ 30 ಫ್ರೇಮಿಗೆ ಇಳಿಯಬೇಕು.

ನಿಜವಾಗಿ 4:4:4 ಬರ್ತಿದೆಯಾ ಅಂತ ಪರೀಕ್ಷಿಸುವುದು ಸುಲಭ. ಮನೆಯ ಪಿಸಿಯ ಪೇಂಟ್‌ನಲ್ಲಿ ಅಚ್ಚ ನೀಲಿ ಹಿನ್ನೆಲೆಯ ಮೇಲೆ ಅಚ್ಚ ಕೆಂಪಿನಲ್ಲಿ ಒಂದು ಪಿಕ್ಸೆಲ್ ದಪ್ಪದ ಗೆರೆಗಳನ್ನು ಎಳೆಯಿರಿ. ಮೂನ್‌ಲೈಟನ್ನು ಪೂರ್ತಿ ಪರದೆಗೆ, ಅಳತೆ ಬದಲಿಸದೆ ನೋಡಿ. ಗೆರೆ ಚೂಪಾಗಿದ್ದರೆ ಸರಿ, ಮಂಕಾಗಿ ಹರಡಿದ್ದರೆ ಇನ್ನೂ 4:2:0. ಅಲ್ಲೇ ಪಕ್ಕದಲ್ಲಿ 0, 8, 16 ಮೌಲ್ಯದ ಮೂರು ಕಪ್ಪು ಚೌಕ ಹಾಕಿ. ಮೂರೂ ಒಂದೇ ಕಪ್ಪಾಗಿ ಕಂಡರೆ ಎಲ್ಲೋ 0–255ರ ಚಿತ್ರವನ್ನು 16–235 ಅಂತ ಓದುತ್ತಿದೆ. 0 ಚೌಕವೇ ಬೂದು ಬಣ್ಣ ಬಂದರೆ ಎಡವಟ್ಟು ಉಲ್ಟಾ ಆಗಿದೆ. ಇಂಥ ಪರದೆ ನಂಬಿ ನೆರಳು ಎತ್ತಿದರೆ ಇಡೀ ಗ್ರೇಡ್ ಹಾಳು.

ಕ್ಯಾಲಿಬ್ರೇಶನ್ ವಿಷಯದಲ್ಲೂ ಎಚ್ಚರ ಬೇಕು. ಮನೆಯ ಮಾನಿಟರ್‌ಗೆ ಮಾಡಿದ ತಿದ್ದುಪಡಿ ಸಾಮಾನ್ಯವಾಗಿ ಕಾರ್ಡಿನಿಂದ ಸಿಗ್ನಲ್ ಹೊರಡುವಾಗ ಸೇರುತ್ತದೆ. ಸನ್‌ಶೈನ್ ಹಿಡಿಯುವುದು ಅದಕ್ಕೂ ಮೊದಲಿನ ಚಿತ್ರವನ್ನು, ಹಾಗಾಗಿ ಆ ತಿದ್ದುಪಡಿ ನಿಮ್ಮ ಜೊತೆ ಬರುವುದಿಲ್ಲ. ನೋಡುತ್ತಿರುವ ಪರದೆಯೇ ಸರಿ ಇರಬೇಕು. ಎಸ್‌ಆರ್‌ಜಿಬಿಗಿಂತ ಗಾಢ ಬಣ್ಣ ತೋರಿಸುವ ಪಿ3 ಪರದೆಯ ವಿಂಡೋಸ್ ಲ್ಯಾಪ್‌ಟಾಪ್ ಆದರೆ ಅದನ್ನು ಎಸ್‌ಆರ್‌ಜಿಬಿ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಚರ್ಮದ ಬಣ್ಣ ಟೊಮೆಟೊ ಆಗುತ್ತದೆ.

ಒಂದು ಅನುಕೂಲ ಇದೆ. ರಿಸಾಲ್ವ್‌ನ ವೇವ್‌ಫಾರ್ಮ್ ಮತ್ತು ವೆಕ್ಟರ್‌ಸ್ಕೋಪ್ ಲೆಕ್ಕ ಹಾಕುವುದು ಮನೆಯ ಪಿಸಿಯಲ್ಲೇ, ಸ್ಟ್ರೀಮ್ ಕುಗ್ಗುವ ಮುಂಚೆ. ಗೆರೆ ಸ್ವಲ್ಪ ಕದಡಿ ಕಂಡರೂ ಅದು ಸೂಚಿಸುವ ಮಟ್ಟ ಸರಿಯೇ. ಕಟಿಂಗ್, ಸಬ್‌ಟೈಟಲ್, ಎಕ್ಸ್‌ಪೋಶರ್ ಸಮಮಾಡುವುದು, ಎರಡು ಶಾಟ್ ಹೊಂದಿಸುವುದು ಸ್ಕೋಪ್ ನೋಡಿಕೊಂಡು ದೂರದಿಂದಲೇ ಮಾಡಬಹುದು. ಆಕಾಶದಲ್ಲಿ ಪಟ್ಟಿ ಪಟ್ಟಿ ಕಾಣುವುದು, ಗ್ರೇನ್, ಚರ್ಮದ ಸೂಕ್ಷ್ಮ ಛಾಯೆ ಇವನ್ನು ಮಾತ್ರ ಸ್ಟ್ರೀಮ್ ನೋಡಿ ತೀರ್ಮಾನಿಸಬಾರದು. 8 ಬಿಟ್ ಸ್ಟ್ರೀಮ್ ತಾನೇ ಪಟ್ಟಿ ಹುಟ್ಟಿಸುತ್ತದೆ, ಗ್ರೇನನ್ನು ಎಚ್‌ಇವಿಸಿ ತೊಳೆದುಬಿಡುತ್ತದೆ.

ಅನುಮಾನ ಬಂದರೆ ಆ ಒಂದು ಫ್ರೇಮನ್ನು 16 ಬಿಟ್ ಟಿಫ್ ಆಗಿ ತೆಗೆದು ಲ್ಯಾಪ್‌ಟಾಪಿಗೆ ತರಿಸಿ. 4ಕೆ ಫ್ರೇಮ್ ಒತ್ತದೆ ಇದ್ದರೆ ಸುಮಾರು 50 ಎಂಬಿ. ಸ್ಟ್ರೀಮ್ ನಿಲ್ಲಿಸಿ ಕಳಿಸಿದರೆ 50 ಎಂಬಿಪಿಎಸ್‌ನಲ್ಲಿ ಎಂಟು ಸೆಕೆಂಡ್ ಚಿಲ್ಲರೆ. ಪಟ್ಟಿ ಅದರಲ್ಲಿ ಇಲ್ಲದಿದ್ದರೆ ಅದು ಸ್ಟ್ರೀಮ್‌ನದು. ಆದರೆ ಲ್ಯಾಪ್‌ಟಾಪ್ ಪರದೆಯೇ 8 ಬಿಟ್‌ಗಿಂತ ಕಡಿಮೆಯದಾದರೆ ಅದರ ಪಟ್ಟಿಯೂ ಕಾಣಬಹುದು. ಆಗ ಕರ್ಸರ್ ಇಟ್ಟು ಪಿಕ್ಸೆಲ್ ಮೌಲ್ಯ ಓದಿ.

ಎಲ್ಲಾ ಸರಿ ಇದ್ದೂ ಎಳೆಯುತ್ತಿದ್ದರೆ ದಾರಿ ನೋಡಿ:

```
tailscale ping studio-pc
```

`studio-pc` ಜಾಗದಲ್ಲಿ ನಿಮ್ಮ ಪಿಸಿಯ ಹೆಸರು ಹಾಕಿ. ಉತ್ತರದಲ್ಲಿ `via DERP` ಅಂತಲೇ ಬರುತ್ತಿದ್ದರೆ ಸ್ಟ್ರೀಮ್ ನೇರವಾಗಿ ಬರದೆ ನಡುವಿನ ಸರ್ವರ್ ಸುತ್ತಿಕೊಂಡು ಬರ್ತಿದೆ. ಆಗ ಬಿಟ್‌ರೇಟ್ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ. ಎರಡೂ ಕಡೆ ಐಪಿವಿ6 ಇದ್ದರೆ ಅದನ್ನು ಆನ್ ಮಾಡಿ, ಇಲ್ಲವೇ ಹಾಟ್‌ಸ್ಪಾಟ್ ಬಿಟ್ಟು ಬೇರೆ ನೆಟ್ ಹಿಡಿಯಿರಿ. ಹಾಟ್‌ಸ್ಪಾಟ್‌ನಲ್ಲೇ ಕೂತರೆ ಡೇಟಾ ನೆನಪಿರಲಿ: 35 ಎಂಬಿಪಿಎಸ್ ಅಂದರೆ ಗಂಟೆಗೆ 15 ಜಿಬಿಗಿಂತ ಜಾಸ್ತಿ.